ನಿವೃತ್ತಿಯ ದಿನ ಪಿಎಫ್ ಎಷ್ಟಾಗಿರುತ್ತದೆ? ಪಾಸ್‌ಬುಕ್ ಮುಂದಿಟ್ಟುಕೊಂಡು ಲೆಕ್ಕ ಹಾಕುವ ಬಗೆ

ಪಿಎಫ್ ಪಾಸ್‌ಬುಕ್‌ನಲ್ಲಿ ವರ್ಷದ ಬಡ್ಡಿ ಜಮೆಯಾದ ಸಾಲು ಕಂಡ ಕೂಡಲೇ ನೌಕರರಲ್ಲಿ ಹುಟ್ಟುವ ಪ್ರಶ್ನೆ ಒಂದೇ: ಹೀಗೇ ಹೋದರೆ ನಿವೃತ್ತಿಯ ಹೊತ್ತಿಗೆ ಕೈಗೆ ಎಷ್ಟು ಬರುತ್ತದೆ? ಅಂತರ್ಜಾಲದ ಕ್ಯಾಲ್ಕ್ಯುಲೇಟರುಗಳು ಚಿಟಿಕೆ ಹೊಡೆಯುವಷ್ಟರಲ್ಲಿ ಉತ್ತರ ಕೊಡುತ್ತವೆ. ಆದರೆ ಒಂದು 98 ಲಕ್ಷ ಎಂದರೆ ಇನ್ನೊಂದು 65 ಲಕ್ಷ ಎನ್ನುತ್ತದೆ. ಈ ಅಂತರ ಎಲ್ಲಿಂದ ಬರುತ್ತದೆ ಎಂದು ತಿಳಿಯಬೇಕಾದರೆ ಒಮ್ಮೆ ಲೆಕ್ಕವನ್ನು ನಾವೇ ಹಾಕಬೇಕು. ಬೇಕಾದ ಅಂಕಿಗಳೆಲ್ಲ ಪಾಸ್‌ಬುಕ್‌ನಲ್ಲೇ ಇವೆ, ಗಣಿತ ಹೈಸ್ಕೂಲಿನದು.

## ತಿಂಗಳು ತಿಂಗಳು ಖಾತೆಗೆ ನಿಜವಾಗಿ ಬೀಳುವುದು ಎಷ್ಟು?

ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿದ ಮೊತ್ತವನ್ನು ಪಿಎಫ್ ವೇತನ ಎನ್ನೋಣ. ಪಾಸ್‌ಬುಕ್‌ನಲ್ಲಿ ಇದು `EPF Wages` ಕಾಲಮ್ಮಿನಲ್ಲಿರುತ್ತದೆ. ಇದರ ಶೇ. 12 ನಿಮ್ಮ ಸಂಬಳದಿಂದ ಕಡಿತವಾಗುತ್ತದೆ. ಅಷ್ಟೇ ಮೊತ್ತವನ್ನು ಕಂಪನಿಯೂ ಕಟ್ಟುತ್ತದೆ. ಎರಡೂ ಸೇರಿ ಶೇ. 24 ಎಂದು ಹೆಚ್ಚಿನವರು ಲೆಕ್ಕ ಹಿಡಿಯುತ್ತಾರೆ. ಮೊದಲ ತಪ್ಪು ಆಗುವುದು ಇಲ್ಲೇ.

ಕಂಪನಿ ಕಟ್ಟುವ ಪಾಲು ಪೂರ್ತಿ ನಿಮ್ಮ ಪಿಎಫ್ ಖಾತೆಗೆ ಬರುವುದಿಲ್ಲ. ಅದರಲ್ಲಿ ವೇತನದ ಶೇ. 8.33 ಭಾಗ ನೌಕರರ ಪಿಂಚಣಿ ಯೋಜನೆಗೆ, ಅಂದರೆ ಇಪಿಎಸ್‌ಗೆ ಹೋಗುತ್ತದೆ. ಇದಕ್ಕೊಂದು ಮಿತಿ ಇದೆ. ವೇತನ ಎಷ್ಟೇ ಇರಲಿ, 2014ರ ಸೆಪ್ಟೆಂಬರ್‌ನಲ್ಲಿ ನಿಗದಿಯಾದ 15,000 ರೂಪಾಯಿಯ ಮೇಲಷ್ಟೇ ಈ ಶೇ. 8.33 ಲೆಕ್ಕ. ಹಾಗಾಗಿ ಪಿಂಚಣಿಗೆ ಹೋಗುವುದು ತಿಂಗಳಿಗೆ ಹೆಚ್ಚೆಂದರೆ 1,250 ರೂಪಾಯಿ. ಪಾಸ್‌ಬುಕ್‌ನ ಕೊನೆಯ ಕಾಲಮ್ಮಿನಲ್ಲಿ ಕಾಣುವ ಪಿಂಚಣಿ ಮೊತ್ತ ಇದೇ. ಅದಕ್ಕೆ ಬಡ್ಡಿ ಬೀಳುವುದಿಲ್ಲ, ನಿವೃತ್ತಿಯ ದಿನದ ಪಿಎಫ್ ಮೊತ್ತಕ್ಕೆ ಸೇರುವುದೂ ಇಲ್ಲ. ಪಿಂಚಣಿ ಬೇರೆ ಸೂತ್ರದಂತೆ ತಿಂಗಳು ತಿಂಗಳು ಬರುವ ಹಣ. ಪಿಎಫ್ ಲೆಕ್ಕದಿಂದ ಅದನ್ನು ಪೂರ್ತಿ ಹೊರಗಿಡಿ.

ಒಂದು ಉದಾಹರಣೆ ಇಟ್ಟುಕೊಂಡು ಮುಂದುವರಿಯೋಣ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ಮೇಲ್ವಿಚಾರಕರೊಬ್ಬರು ಎಂದುಕೊಳ್ಳಿ. 2025ರ ಮಾರ್ಚ್‌ನಲ್ಲಿ ವಯಸ್ಸು 38, ಪಿಎಫ್ ವೇತನ 30,000 ರೂಪಾಯಿ. ಅವರ ಪಾಲು 3,600. ಕಂಪನಿಯ ಪಾಲು 3,600ರಲ್ಲಿ ಪಿಂಚಣಿಯ 1,250 ಕಳೆದು ಉಳಿಯುವುದು 2,350. ಖಾತೆಗೆ ತಿಂಗಳಿಗೆ ಬೀಳುವುದು 5,950 ರೂಪಾಯಿಯೇ ಹೊರತು 7,200 ಅಲ್ಲ.

ಎಲ್ಲರ ಪಾಸ್‌ಬುಕ್ ಹೀಗೇ ಇರುವುದಿಲ್ಲ. 2014ರ ಸೆಪ್ಟೆಂಬರ್ ನಂತರ ಮೊದಲ ಸಲ ಪಿಎಫ್‌ಗೆ ಸೇರಿ, ಆಗಲೇ 15,000ಕ್ಕಿಂತ ಹೆಚ್ಚಿನ ಪಿಎಫ್ ವೇತನ ಇದ್ದವರು ಪಿಂಚಣಿ ಯೋಜನೆಗೆ ಸೇರುವುದಿಲ್ಲ. ಅವರ ಪಿಂಚಣಿ ಕಾಲಮ್ ಸೊನ್ನೆ ಇರುತ್ತದೆ, ಶೇ. 24 ಪೂರ್ತಿ ಪಿಎಫ್‌ಗೇ ಬೀಳುತ್ತದೆ. ಸ್ವಯಂಪ್ರೇರಿತವಾಗಿ ಹೆಚ್ಚು ಕಟ್ಟುವವರ ನೌಕರ ಪಾಲು ಶೇ. 12 ದಾಟಿರುತ್ತದೆ. ಆದ್ದರಿಂದ ಶೇಕಡಾವಾರು ಊಹಿಸಬೇಡಿ. ಪಾಸ್‌ಬುಕ್‌ನ ಕೊನೆಯ ತಿಂಗಳ ಸಾಲಿನಲ್ಲಿ ನೌಕರ ಪಾಲು ಮತ್ತು ಮಾಲೀಕ ಪಾಲು ಎಷ್ಟಿದೆಯೋ ಅಷ್ಟನ್ನೇ ಕೂಡಿಸಿ ತೆಗೆದುಕೊಳ್ಳಿ.

## ಬಡ್ಡಿ ಹೇಗೆ ಬೀಳುತ್ತದೆ?

ಪಿಎಫ್ ಬಡ್ಡಿಯನ್ನು ತಿಂಗಳ ಶಿಲ್ಕಿನ ಮೇಲೆ ಲೆಕ್ಕ ಹಾಕುತ್ತಾರೆ, ಆದರೆ ಖಾತೆಗೆ ಸೇರಿಸುವುದು ವರ್ಷಕ್ಕೊಮ್ಮೆ, ಮಾರ್ಚ್ 31ರ ಲೆಕ್ಕಕ್ಕೆ. ವರ್ಷದ ನಡುವೆ ಬಡ್ಡಿಗೆ ಬಡ್ಡಿ ಹುಟ್ಟುವುದಿಲ್ಲ. ಬ್ಯಾಂಕಿನ ಆರ್‌ಡಿಯಂತೆ ಮೂರು ತಿಂಗಳಿಗೊಮ್ಮೆ ಚಕ್ರಬಡ್ಡಿ ಹಿಡಿಯುವ ಕ್ಯಾಲ್ಕ್ಯುಲೇಟರ್ ಬಳಸಿದರೆ ಉತ್ತರ ಹಿಗ್ಗುತ್ತದೆ.

ವರ್ಷದ ಆರಂಭದಲ್ಲಿದ್ದ ಶಿಲ್ಕಿಗೆ ಪೂರ್ತಿ 12 ತಿಂಗಳ ಬಡ್ಡಿ ಸಿಗುತ್ತದೆ. ಆ ವರ್ಷ ಹೊಸದಾಗಿ ಬಿದ್ದ ಹಣಕ್ಕೆ ಜಮೆಯಾದ ತಿಂಗಳನ್ನು ಬಿಟ್ಟು ಮುಂದಿನ ತಿಂಗಳಿಂದ ಬಡ್ಡಿ ಶುರು. ಮಾರ್ಚ್ ಸಂಬಳದ ಕಂತು ಏಪ್ರಿಲ್‌ನಲ್ಲಿ ಜಮೆಯಾಗುತ್ತದೆ, ಅದಕ್ಕೆ ಮೇ ತಿಂಗಳಿಂದ 11 ತಿಂಗಳ ಬಡ್ಡಿ. ಮೇನಲ್ಲಿ ಬಿದ್ದ ಕಂತಿಗೆ 10 ತಿಂಗಳು. ಹೀಗೆ ಇಳಿಯುತ್ತಾ ಬಂದು, ಫೆಬ್ರವರಿ ಸಂಬಳದ ಕಂತು ಮಾರ್ಚ್‌ನಲ್ಲಿ ಬಿದ್ದಾಗ ಅದಕ್ಕೆ ಆ ವರ್ಷ ಬಡ್ಡಿಯೇ ಇಲ್ಲ. 11ರಿಂದ ಸೊನ್ನೆಯವರೆಗೆ ಕೂಡಿದರೆ 66 ತಿಂಗಳು. ಅದನ್ನು 12ರಿಂದ ಭಾಗಿಸಿದರೆ 5.5.

ಈ 5.5 ಎಂಬ ಸಂಖ್ಯೆ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ತಿಂಗಳಿಗೊಂದರಂತೆ ಕಟ್ಟಿದ ಹನ್ನೆರಡು ಕಂತುಗಳಿಗೆ ಆ ವರ್ಷ ಸಿಗುವ ಬಡ್ಡಿ, ಐದೂವರೆ ಕಂತುಗಳನ್ನು ಏಪ್ರಿಲ್ ಒಂದರಂದೇ ಕಟ್ಟಿದ್ದರೆ ಸಿಗುತ್ತಿದ್ದ ಬಡ್ಡಿಗೆ ಸಮ. ಹಾಗಾಗಿ ಸೂತ್ರ ಇಷ್ಟೇ:

```
ವರ್ಷದ ಬಡ್ಡಿ = (ಆರಂಭದ ಶಿಲ್ಕು + 5.5 × ತಿಂಗಳ ಜಮೆ) × ಬಡ್ಡಿ ದರ
ಅಂತ್ಯದ ಶಿಲ್ಕು = ಆರಂಭದ ಶಿಲ್ಕು + 12 × ತಿಂಗಳ ಜಮೆ + ವರ್ಷದ ಬಡ್ಡಿ
```

## ಮೊದಲು ಹಳೆಯ ವರ್ಷದ ಮೇಲೆ ಪರೀಕ್ಷಿಸಿ

ಮುಂದಿನ ಇಪ್ಪತ್ತು ವರ್ಷ ಊಹಿಸುವ ಮುನ್ನ, ಕಳೆದ ವರ್ಷದ ಬಡ್ಡಿಯನ್ನು ಈ ಸೂತ್ರ ಸರಿಯಾಗಿ ಹೇಳುತ್ತದೆಯೇ ನೋಡಿ. ನಮ್ಮ ಮೇಲ್ವಿಚಾರಕರ ಖಾತೆಯಲ್ಲಿ 2024ರ ಏಪ್ರಿಲ್ 1ರಂದು, ಎರಡೂ ಪಾಲು ಸೇರಿ, 5,00,000 ರೂಪಾಯಿ ಇತ್ತು ಎನ್ನಿ. ವರ್ಷವಿಡೀ ತಿಂಗಳಿಗೆ 5,950 ಬಿತ್ತು. 5,950ರ ಐದೂವರೆ ಪಟ್ಟು 32,725. ಅದನ್ನು ಐದು ಲಕ್ಷಕ್ಕೆ ಸೇರಿಸಿದರೆ 5,32,725. 2024-25ರ ಬಡ್ಡಿ ದರ ಶೇ. 8.25. ಬಡ್ಡಿ 43,950 ರೂಪಾಯಿ. ಪಾಸ್‌ಬುಕ್‌ನಲ್ಲಿ `Int. Updated upto 31/03/2025` ಎಂಬ ಸಾಲಿನಲ್ಲಿ ಎರಡೂ ಪಾಲಿನ ಬಡ್ಡಿ ಕೂಡಿದರೆ ಇದೇ ಬರಬೇಕು. ಪಾಲುಗಳನ್ನು ಬೇರೆ ಬೇರೆಯಾಗಿ ಪೂರ್ಣಾಂಕ ಮಾಡುವುದರಿಂದ ಒಂದೆರಡು ರೂಪಾಯಿ ಆಚೀಚೆ ಆದರೆ ಚಿಂತೆಯಿಲ್ಲ. ಐದು ಲಕ್ಷಕ್ಕೆ ವರ್ಷದ ಜಮೆ 71,400 ಮತ್ತು ಬಡ್ಡಿ ಸೇರಿ ಅಂತ್ಯದ ಶಿಲ್ಕು 6,15,350.

ಪಾಸ್‌ಬುಕ್‌ನ ಬಡ್ಡಿ ನೂರಿನ್ನೂರು ರೂಪಾಯಿ ಕಡಿಮೆ ಇದ್ದರೆ ಬಹುಶಃ ವರ್ಷದ ನಡುವೆ ಸಂಬಳ ಏರಿದೆ. ಮೊದಲ ಆರು ತಿಂಗಳು 5,500, ನಂತರದ ಆರು ತಿಂಗಳು 6,400 ಬಿದ್ದಿದ್ದರೆ ಸರಾಸರಿ ಅದೇ 5,950. ಆದರೆ ದೊಡ್ಡ ಕಂತುಗಳು ತಡವಾಗಿ ಬಂದದ್ದರಿಂದ ಹೊಸ ಜಮೆಯ ಬಡ್ಡಿ 2,700ರ ಬದಲು 2,588 ಆಗುತ್ತದೆ. ಇದು ಸಹಜ.

ವ್ಯತ್ಯಾಸ ಸಾವಿರಗಳಲ್ಲಿದ್ದರೆ ಮಾತ್ರ ಸಾಲು ಸಾಲಾಗಿ ನೋಡಬೇಕು. ವರ್ಷಕ್ಕೆ ಹನ್ನೆರಡು `Cont. For Due-Month` ಸಾಲುಗಳಿವೆಯೇ ಎಣಿಸಿ. ಒಂದೆರಡು ಕಾಣೆಯಾಗಿದ್ದರೆ ಸಂಬಳ ಚೀಟಿಯಲ್ಲಿ ಕಡಿತವಾಗಿದೆಯೇ ಎಂದು ತಾಳೆ ನೋಡಿ, ಆಗಿದ್ದರೆ ಕಂಪನಿಯ ಲೆಕ್ಕ ವಿಭಾಗವನ್ನು ಕೇಳಿ. ನಡುವೆ ಮುಂಗಡ ತೆಗೆದಿದ್ದರೆ ಆ ಮೊತ್ತಕ್ಕೆ ಉಳಿದ ತಿಂಗಳುಗಳ ಬಡ್ಡಿ ಇಲ್ಲ. ಬಡ್ಡಿಯ ಸಾಲೇ ಕಾಣದಿದ್ದರೆ ಗಾಬರಿ ಬೇಡ. ದರ ಅಂತಿಮವಾಗಿ ಖಾತೆಗಳಿಗೆ ಏರಲು ಮಾರ್ಚ್ ಕಳೆದು ತಿಂಗಳುಗಳೇ ಹಿಡಿಯುವುದುಂಟು, ಆದರೆ ಬಂದಾಗ ಮಾರ್ಚ್ 31ರ ಲೆಕ್ಕಕ್ಕೇ ಬರುತ್ತದೆ, ನಷ್ಟವಾಗುವುದಿಲ್ಲ.

## ಯಾವ ಶಿಲ್ಕಿನಿಂದ ಶುರು ಮಾಡಬೇಕು?

ಪಾಸ್‌ಬುಕ್ ತೆರೆದಾಗ ದೊಡ್ಡದಾಗಿ ಕಾಣುವ ಇಂದಿನ ಶಿಲ್ಕಿನಿಂದ ಶುರು ಮಾಡಿದರೆ ಲೆಕ್ಕ ಕೆಡುತ್ತದೆ. ನವೆಂಬರ್‌ನಲ್ಲಿ ನೋಡುತ್ತಿದ್ದೀರಿ ಎಂದರೆ ಅದರಲ್ಲಿ ಏಪ್ರಿಲ್‌ನಿಂದ ಬಿದ್ದ ಕಂತುಗಳು ಆಗಲೇ ಸೇರಿವೆ. ಅದರ ಮೇಲೆ ಮತ್ತೆ ಹನ್ನೆರಡು ಕಂತು ಸೇರಿಸಿದರೆ ಅಷ್ಟೂ ಎರಡು ಸಲ ಎಣಿಸಿದಂತೆ. ಕೊನೆಯ ಸಲ ಬಡ್ಡಿ ಏರಿದ ಮಾರ್ಚ್ 31ರ ಶಿಲ್ಕನ್ನೇ ಹಿಡಿಯಿರಿ.

ಹಳೆಯ ಕಂಪನಿಗಳ ಹಣವನ್ನೂ ಮರೆಯಬೇಡಿ. ಯುಎಎನ್ ಒಂದೇ ಇದ್ದರೂ ಪ್ರತಿ ಕಂಪನಿಗೆ ಬೇರೆ ಮೆಂಬರ್ ಐಡಿ, ಪ್ರತಿ ಐಡಿಗೆ ಬೇರೆ ಪಾಸ್‌ಬುಕ್. ವರ್ಗಾವಣೆ ಮಾಡಿಸದೆ ಬಿಟ್ಟ ಐಡಿಯ ಶಿಲ್ಕು ಈಗಿನ ಪಾಸ್‌ಬುಕ್‌ನಲ್ಲಿ ಕಾಣುವುದಿಲ್ಲ. ಎಲ್ಲ ಐಡಿಗಳನ್ನೂ ಒಂದೊಂದಾಗಿ ತೆರೆದು ಶಿಲ್ಕು ಕೂಡಿಸಿ. ವರ್ಗಾವಣೆಯಾದ ವರ್ಷ ಎರಡೂ ಕಡೆ ಅದೇ ಹಣವನ್ನು ಎಣಿಸದಂತೆ ನೋಡಿಕೊಳ್ಳಿ.

## ಸಂಬಳ ಏರಿಕೆ: ಯಾವ ಸಂಬಳ?

ಇಡೀ ಲೆಕ್ಕದಲ್ಲಿ ಉತ್ತರವನ್ನು ಅತಿ ಹೆಚ್ಚು ಅಲ್ಲಾಡಿಸುವುದು ಇದೇ. ಏರಿಕೆ ಎಂದರೆ ಸಿಟಿಸಿ ಏರಿಕೆಯಲ್ಲ, ಕೈಗೆ ಬರುವ ಸಂಬಳದ ಏರಿಕೆಯೂ ಅಲ್ಲ. ಪಿಎಫ್ ವೇತನದ ಏರಿಕೆ ಮಾತ್ರ. ಕಂಪನಿ ಶೇ. 10 ಹೆಚ್ಚಿಸಿ, ಅದರಲ್ಲಿ ಬಹುಪಾಲನ್ನು ವಿಶೇಷ ಭತ್ಯೆಗೋ ಬೋನಸ್ಸಿಗೋ ಹಾಕಿದರೆ ಮೂಲವೇತನ ಶೇ. 4ರಷ್ಟೇ ಏರಿರಬಹುದು. ಪಿಎಫ್‌ಗೆ ಗೊತ್ತಾಗುವುದು ಆ ಶೇ. 4 ಮಾತ್ರ.

ಊಹೆಗಿಂತ ನಿಮ್ಮದೇ ಇತಿಹಾಸ ನಂಬಬಹುದಾದ್ದು. ಐದು ವರ್ಷ ಹಿಂದಿನ ಮತ್ತು ಈಗಿನ `EPF Wages` ತೆಗೆದುಕೊಳ್ಳಿ. ನಮ್ಮ ಉದಾಹರಣೆಯಲ್ಲಿ 2020ರ ಫೆಬ್ರವರಿಯಲ್ಲಿ 22,400, 2025ರ ಫೆಬ್ರವರಿಯಲ್ಲಿ 30,000. ಎಕ್ಸೆಲ್ ಹಾಳೆಯಲ್ಲಿ ಹೀಗೆ ಬರೆಯಿರಿ:

```
=(30000/22400)^(1/5)-1
```

ಉತ್ತರ ವರ್ಷಕ್ಕೆ ಸರಿಸುಮಾರು ಶೇ. 6. ನಡುವೆ ದೊಡ್ಡ ಬಡ್ತಿ ಸಿಕ್ಕಿದ್ದರೆ ಆ ವರ್ಷವನ್ನು ಬಿಟ್ಟು ನೋಡುವುದು ಒಳ್ಳೆಯದು, ಅಂಥ ಬಡ್ತಿ ಪ್ರತಿ ಐದು ವರ್ಷಕ್ಕೂ ಬರುತ್ತದೆಂದು ನಂಬಲಾಗದು. ತುಟ್ಟಿಭತ್ಯೆ ಪಡೆಯುವ ಕಾರ್ಖಾನೆ ನೌಕರರಿಗೆ ಪ್ರತಿ ಏಪ್ರಿಲ್‌ನಲ್ಲಿ ಭತ್ಯೆ ಪರಿಷ್ಕರಣೆಯಾದಾಗ ಪಿಎಫ್ ವೇತನವೂ ಏರುತ್ತದೆ. ಭತ್ಯೆಯಿಲ್ಲದ ಕಚೇರಿ ನೌಕರರಿಗೆ ಈ ಏರಿಕೆ ಇರುವುದಿಲ್ಲ.

ಇನ್ನೊಂದು ಗುಂಪಿದೆ, ಅವರ ಲೆಕ್ಕವೇ ಬೇರೆ. ಕೆಲವು ಕಂಪನಿಗಳು ಸಂಬಳ ಎಷ್ಟಿದ್ದರೂ 15,000ದ ಮೇಲಷ್ಟೇ ಪಿಎಫ್ ಕಟ್ಟುತ್ತವೆ. ಪಾಸ್‌ಬುಕ್‌ನಲ್ಲಿ ನೌಕರ ಪಾಲು 1,800, ಮಾಲೀಕ ಪಾಲು 550, ಪಿಂಚಣಿ 1,250 ಎಂದು ವರ್ಷಗಟ್ಟಲೆ ಅದೇ ಅಂಕಿ ಕಂಡರೆ ನೀವು ಈ ಗುಂಪಿನವರು. ನಿಮ್ಮ ಏರಿಕೆ ದರ ಸೊನ್ನೆ. ಸಂಬಳ ದುಪ್ಪಟ್ಟಾದರೂ ತಿಂಗಳ ಜಮೆ 2,350ರಲ್ಲೇ ನಿಂತಿರುತ್ತದೆ.

## ಹಾಳೆಯಲ್ಲಿ ಲೆಕ್ಕ ಕಟ್ಟುವುದು

ಎಕ್ಸೆಲ್ ಅಥವಾ ಗೂಗಲ್ ಶೀಟ್‌ನಲ್ಲಿ ಐದು ಕಾಲಮ್ ಸಾಕು: B ಆರಂಭದ ಶಿಲ್ಕು, C ಪಿಎಫ್ ವೇತನ, D ತಿಂಗಳ ಜಮೆ, E ಬಡ್ಡಿ, F ಅಂತ್ಯದ ಶಿಲ್ಕು. A ಕಾಲಮ್ಮಿನಲ್ಲಿ ವರ್ಷ ಬರೆಯಿರಿ. H1ರಲ್ಲಿ ಬಡ್ಡಿ ದರ, H2ರಲ್ಲಿ ಏರಿಕೆ ದರ ಇಡಿ, ಎರಡನ್ನೂ 8%, 6% ಎಂದು ಶೇಕಡಾ ಚಿಹ್ನೆಯೊಂದಿಗೇ ಬರೆಯಿರಿ.

```
D2: =ROUND(C2*12%,0)*2-ROUND(MIN(C2,15000)*8.33%,0)
E2: =ROUND((B2+5.5*D2)*$H$1,0)
F2: =B2+12*D2+E2
B3: =F2
C3: =C2*(1+$H$2)
```

B2ರಲ್ಲಿ ಮಾರ್ಚ್ 31ರ ಶಿಲ್ಕು, C2ರಲ್ಲಿ ಈ ವರ್ಷದ ಪಿಎಫ್ ವೇತನ ತುಂಬಿ. D2, E2, F2 ಸೂತ್ರಗಳನ್ನು ಮೂರನೆಯ ಸಾಲಿಗೆ ನಕಲಿಸಿ, ನಂತರ ಮೂರನೆಯ ಸಾಲನ್ನೇ ನಿವೃತ್ತಿಯ ವರ್ಷದವರೆಗೆ ಕೆಳಗೆ ಎಳೆಯಿರಿ. ಪಿಂಚಣಿ ಯೋಜನೆಯಲ್ಲಿ ಇಲ್ಲದವರು D2ರ ಎರಡನೆಯ ಭಾಗವನ್ನು ತೆಗೆದುಹಾಕಬೇಕು.

ಬಡ್ಡಿ ದರಕ್ಕೆ ಎಷ್ಟು ಹಾಕಬೇಕು? ಪಿಎಫ್ ದರ ಎಫ್‌ಡಿಯಂತೆ ಮೊದಲೇ ಗಟ್ಟಿಯಾದುದಲ್ಲ. ಪ್ರತಿ ವರ್ಷ ಕೇಂದ್ರೀಯ ಟ್ರಸ್ಟಿಗಳ ಮಂಡಳಿ ಶಿಫಾರಸು ಮಾಡಿ, ಹಣಕಾಸು ಸಚಿವಾಲಯ ಒಪ್ಪಿದ ಮೇಲೆ ನಿಗದಿಯಾಗುತ್ತದೆ. 1990ರ ದಶಕದಲ್ಲಿ ಶೇ. 12 ಇತ್ತು. 2015-16ರಲ್ಲಿ 8.8, 2021-22ರಲ್ಲಿ ನಾಲ್ಕು ದಶಕಗಳಲ್ಲೇ ಕಡಿಮೆಯಾಗಿ 8.1, ಮರುವರ್ಷ 8.15, ಆಮೇಲಿನ ಎರಡು ವರ್ಷ 8.25. ಇಪ್ಪತ್ತು ವರ್ಷದ ಲೆಕ್ಕಕ್ಕೆ ಈಗಿನ ದರಕ್ಕಿಂತ ತುಸು ಕೆಳಗೆ, ಶೇ. 8 ಹಿಡಿಯುವುದು ಜಾಣತನ ಎಂಬುದು ನನ್ನ ಅಭಿಪ್ರಾಯ.

## ಉದಾಹರಣೆಯ ಫಲಿತಾಂಶ

ಮೇಲ್ವಿಚಾರಕರ ಹಾಳೆ ಹೀಗೆ ಸಾಗುತ್ತದೆ. 2025-26ಕ್ಕೆ ಆರಂಭದ ಶಿಲ್ಕು 6,15,350, ಪಿಎಫ್ ವೇತನ ಶೇ. 6 ಏರಿ 31,800, ತಿಂಗಳ ಜಮೆ 6,382. ಶೇ. 8ರಂತೆ ಬಡ್ಡಿ 52,036. ವರ್ಷಾಂತ್ಯಕ್ಕೆ 7,43,970. ಮರುವರ್ಷ ವೇತನ 33,708, ಜಮೆ 6,840, ಬಡ್ಡಿ 62,527, ವರ್ಷಾಂತ್ಯಕ್ಕೆ 8,88,577.

ಹತ್ತನೆಯ ವರ್ಷದ ಕೊನೆಗೆ, ಅಂದರೆ 2035ರ ಮಾರ್ಚ್‌ಗೆ, ಸುಮಾರು 28.5 ಲಕ್ಷ. 58 ತುಂಬುವ 2045ರ ಮಾರ್ಚ್‌ಗೆ ಸುಮಾರು 90.6 ಲಕ್ಷ. ಇದರಲ್ಲಿ ಇಪ್ಪತ್ತು ವರ್ಷ ಹೊಸದಾಗಿ ಕಟ್ಟಿದ್ದು 30.7 ಲಕ್ಷ, ಬಡ್ಡಿಯೇ 53.7 ಲಕ್ಷ. ಕೊನೆಯ ಒಂದೇ ವರ್ಷದಲ್ಲಿ ಬೀಳುವ ಬಡ್ಡಿ 6.6 ಲಕ್ಷ. ಇವತ್ತು ಖಾತೆಯಲ್ಲಿರುವ ಇಡೀ ಶಿಲ್ಕಿಗಿಂತ ಅದು ಹೆಚ್ಚು.

ಈಗ ಒಂದೊಂದೇ ಅಂಕಿ ಬದಲಿಸಿ ನೋಡೋಣ. ಮೊದಲ ವರ್ಷದ ವೇತನ 31,800 ಹಾಗೇ ಇರಲಿ.

| ಬದಲಾವಣೆ | 2045ರ ಶಿಲ್ಕು |
|---|---|
| ಬಡ್ಡಿ 8, ಏರಿಕೆ 6 | 90.6 ಲಕ್ಷ |
| ಬಡ್ಡಿ 8.25, ಏರಿಕೆ 6 | 93.4 ಲಕ್ಷ |
| ಬಡ್ಡಿ 7.5, ಏರಿಕೆ 6 | 85.1 ಲಕ್ಷ |
| ಬಡ್ಡಿ 8, ಏರಿಕೆ 8 | 1 ಕೋಟಿ 3.5 ಲಕ್ಷ |
| ಬಡ್ಡಿ 8, ಏರಿಕೆ 4 | 80.2 ಲಕ್ಷ |
| ಬಡ್ಡಿ 8, ಏರಿಕೆ ಇಲ್ಲ | 65 ಲಕ್ಷ |

ಪಿಂಚಣಿಯ 1,250 ಕಳೆಯುವುದನ್ನು ಮರೆತರೆ 90.6 ಲಕ್ಷ ಇರಬೇಕಾದಲ್ಲಿ 97.7 ಲಕ್ಷ ತೋರಿಸುತ್ತದೆ. ಆರಂಭದಲ್ಲಿ ಹೇಳಿದ 98 ಮತ್ತು 65ರ ಗುಟ್ಟು ಇದೇ: ಒಂದು ಕ್ಯಾಲ್ಕ್ಯುಲೇಟರ್ ಪಿಂಚಣಿ ಕಳೆದಿಲ್ಲ, ಇನ್ನೊಂದು ಸಂಬಳ ಏರಿಸಿಲ್ಲ. ಇದೇ ಶಿಲ್ಕಿದ್ದು, 15,000ಕ್ಕೆ ಸೀಮಿತವಾಗಿ ಕಟ್ಟುವ ಕಂಪನಿಯಲ್ಲಿರುವ ನೌಕರರಿಗೆ ಸಿಗುವುದು 42 ಲಕ್ಷ.

2025ರಲ್ಲಿ ಎರಡು ಲಕ್ಷ ತೆಗೆದರೆ 2045ರಲ್ಲಿ ಎಷ್ಟು ಕಡಿಮೆಯಾಗುತ್ತದೆ ಎಂಬುದನ್ನೂ ಇದೇ ಹಾಳೆ ಹೇಳುತ್ತದೆ. B2ರಿಂದ 2,00,000 ಕಳೆದು ನೋಡಿ: 9.3 ಲಕ್ಷ ಇಳಿಯುತ್ತದೆ.

## ಆ 90 ಲಕ್ಷ ಇವತ್ತಿನ ಲೆಕ್ಕದಲ್ಲಿ ಎಷ್ಟು?

ಬೆಲೆಗಳು ವರ್ಷಕ್ಕೆ ಶೇ. 6ರಂತೆ ಏರಿದರೆ ಇಪ್ಪತ್ತು ವರ್ಷದಲ್ಲಿ ಮೂರು ಪಟ್ಟಿಗೂ ಮೀರುತ್ತವೆ. 90.6 ಲಕ್ಷವನ್ನು 3.207ರಿಂದ ಭಾಗಿಸಿದರೆ ಇವತ್ತಿನ 28.2 ಲಕ್ಷಕ್ಕೆ ಸಮ. ಬೆಲೆ ಏರಿಕೆ ಶೇ. 5 ಆದರೆ 34 ಲಕ್ಷ.

ಬೆಲೆ ಏರಿಕೆಯ ಊಹೆಯೇ ಬೇಡ ಎನ್ನುವವರಿಗೆ ಇನ್ನೊಂದು ಅಳತೆಗೋಲಿದೆ: ಅಂತಿಮ ಶಿಲ್ಕನ್ನು ಕೊನೆಯ ತಿಂಗಳ ಪಿಎಫ್ ವೇತನದಿಂದ ಭಾಗಿಸಿ. ನಮ್ಮ ಉದಾಹರಣೆಯಲ್ಲಿ ಕೊನೆಯ ವರ್ಷದ ವೇತನ 96,214. ಭಾಗಿಸಿದರೆ 94. ಅಂದರೆ ಇಡೀ ಪಿಎಫ್ ಸೇರಿ ಎಂಟು ವರ್ಷ ತುಂಬದಷ್ಟು ಕಾಲದ ಪಿಎಫ್ ವೇತನಕ್ಕೆ ಸಮ. ಸಂಬಳ ಏರಿಕೆ ಶೇ. 8 ಎಂದು ಹಾಕಿ ಒಂದು ಕೋಟಿ ಕಂಡು ಹಿಗ್ಗುವ ಮುನ್ನ ಈ ಭಾಗಾಕಾರ ಮಾಡಿ. ಕೊನೆಯ ಸಂಬಳವೂ ಏರಿರುವುದರಿಂದ ತಿಂಗಳುಗಳ ಸಂಖ್ಯೆ 94ರಿಂದ ಸುಮಾರು 75ಕ್ಕೆ ಇಳಿದಿರುತ್ತದೆ.

## ಲೆಕ್ಕ ಮುಂದೆ ಎಲ್ಲಿ ಬದಲಾಗಬಹುದು?

15,000ದ ಮಿತಿಯನ್ನು ಸರ್ಕಾರ ಮುಂದೆ ಏರಿಸಿದರೆ ಪಿಂಚಣಿಗೆ ಹೋಗುವ ಭಾಗವೂ ಏರುತ್ತದೆ. ಮಿತಿ 25,000 ಆಯಿತು ಎನ್ನಿ, ತಿಂಗಳಿಗೆ 1,250ರ ಬದಲು ಸುಮಾರು 2,083 ಪಿಂಚಣಿಗೆ ಹೋಗಿ, ನಮ್ಮ ಮೇಲ್ವಿಚಾರಕರ ಪಿಎಫ್ ಜಮೆ ಅಷ್ಟರಮಟ್ಟಿಗೆ ತಗ್ಗುತ್ತದೆ. 1,800ರಲ್ಲೇ ನಿಂತಿರುವವರಿಗೆ ಇದು ತಿರುವು ಮುರುವು, ಅವರ ಜಮೆ ಏರುತ್ತದೆ. ಹಾಗಾದ ದಿನ D ಕಾಲಮ್ಮಿನ 15000 ಎಂಬ ಅಂಕಿಯನ್ನು ಬದಲಿಸಿದರಾಯಿತು, 1,800ರಲ್ಲಿ ನಿಂತಿರುವವರು C ಕಾಲಮ್ಮಿನ ವೇತನವನ್ನೂ ಬದಲಿಸಬೇಕು.

ಹೆಚ್ಚು ಸಂಬಳದವರು ಒಂದು ಗೆರೆಯನ್ನು ಗಮನಿಸಬೇಕು. 2021ರ ಏಪ್ರಿಲ್‌ನಿಂದ, ನೌಕರ ಪಾಲು ವರ್ಷಕ್ಕೆ 2.5 ಲಕ್ಷ ದಾಟಿದರೆ ದಾಟಿದ ಭಾಗದ ಬಡ್ಡಿಗೆ ಆದಾಯ ತೆರಿಗೆ ಇದೆ. ಪಿಎಫ್ ವೇತನ ತಿಂಗಳಿಗೆ 1,73,611 ದಾಟಿದಾಗ ಈ ಗೆರೆ ಮುಟ್ಟುತ್ತದೆ. ಇಂದು 80,000 ಪಿಎಫ್ ವೇತನ ಇರುವವರು ಶೇ. 6ರಂತೆ ಏರಿದರೆ ಹದಿನಾಲ್ಕನೆಯ ವರ್ಷದಲ್ಲಿ ಇದನ್ನು ದಾಟುತ್ತಾರೆ. ಹಾಳೆಯಲ್ಲಿ ಯಾವ ವರ್ಷ ದಾಟುತ್ತದೋ ಅಲ್ಲಿಗೆ ಬಣ್ಣ ಹಾಕಿಡಿ.

ಕಂಪನಿಯ ನಿವೃತ್ತಿ ವಯಸ್ಸು 60 ಆಗಿದ್ದರೆ ಹಾಳೆಯನ್ನು ಇನ್ನೆರಡು ಸಾಲು ಎಳೆಯಿರಿ. 58 ತುಂಬಿದ ಮೇಲೆ ಪಿಂಚಣಿಗೆ ಹಣ ಹೋಗುವುದು ನಿಂತು, ಕಂಪನಿಯ ಶೇ. 12 ಪೂರ್ತಿ ಪಿಎಫ್‌ಗೇ ಬೀಳುತ್ತದೆ. ಆ ಎರಡು ಸಾಲುಗಳಲ್ಲಿ D ಕಾಲಮ್ಮಿನ ಕಳೆಯುವ ಭಾಗವನ್ನು ತೆಗೆಯಬೇಕು. ಪ್ರತಿ ವರ್ಷ ಹೊಸ ಬಡ್ಡಿಯ ಸಾಲು ಪಾಸ್‌ಬುಕ್‌ನಲ್ಲಿ ಕಂಡಾಗ ಆ ವರ್ಷದ F ಕೋಶದಲ್ಲಿ ಸೂತ್ರದ ಬದಲು ನಿಜವಾದ ಮಾರ್ಚ್ 31ರ ಶಿಲ್ಕನ್ನು ಬರೆದು, ಮರುವರ್ಷದ C ಕೋಶದಲ್ಲಿ ನಿಜವಾದ ಪಿಎಫ್ ವೇತನ ತುಂಬಿದರೆ ಕೆಳಗಿನ ಸಾಲುಗಳೆಲ್ಲ ತಾವಾಗಿಯೇ ಸರಿಹೊಂದುತ್ತವೆ.